ವೈಫೈ ಇಲ್ಲದಾಗ ತಪ್ಪುವ ಮೋಟಾರ್ ಶೆಡ್ಯೂಲ್: ಮೊದಲು ಆಫ್ ಅನ್ನು ಭದ್ರ ಮಾಡಿ

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಬಾವಿಯ ಅರ್ಧ ಎಚ್‌ಪಿ ಮೋಟಾರಿಗೆ ಸ್ಮಾರ್ಟ್ ಪ್ಲಗ್ ಹಾಕಿ, ಬೆಳಿಗ್ಗೆ 6ಕ್ಕೆ ಆನ್, 6.30ಕ್ಕೆ ಆಫ್ ಅಂತ ಶೆಡ್ಯೂಲ್ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಸರಿಯಾಗಿಯೇ ಇತ್ತು. ಮಳೆ ಹಿಡಿದ ಮೇಲೆ ಕೆಲವು ದಿನ ಆನ್ ಆಗುವುದೇ ಇಲ್ಲ. ಒಂದು ದಿನ ಆನ್ ಆದದ್ದು ಆಫ್ ಆಗದೆ, ಅಪ್ಪ ತೋಟದಿಂದ ಬಂದು ನೋಡುವವರೆಗೂ ಟ್ಯಾಂಕ್ ಉಕ್ಕಿ ಹರಿದಿದೆ. ಆ್ಯಪ್‌ನಲ್ಲಿ ಶೆಡ್ಯೂಲ್ ಹಾಗೇ ಇದೆ, ಒಂದು ಎಚ್ಚರಿಕೆಯೂ ಬಂದಿಲ್ಲ. ವೈಫೈ ಹೋದರೂ ಪ್ಲಗ್ ತನ್ನ ಕೆಲಸ ತಾನು ಮಾಡಬೇಕಲ್ಲವೇ? ಬೇರೆ ಪ್ಲಗ್ ತಗೊಳ್ಳಲೇ ಸರ್?

ಉತ್ತರ: ಬೇರೆ ಪ್ಲಗ್ ಕೊಳ್ಳುವುದನ್ನು ಸ್ವಲ್ಪ ತಡೆಯಿರಿ. ಅದೇ ಬಗೆಯ ಇನ್ನೊಂದನ್ನು ತಂದರೆ ಅದೂ ಹೀಗೇ ಮಾಡುತ್ತದೆ, ಏಕೆಂದರೆ ನಿಮ್ಮ ಪ್ಲಗ್ ಬಹುಶಃ ಕೆಟ್ಟಿಲ್ಲ. ನಿಮ್ಮ ಪತ್ರದಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆಗಳು. ಆನ್ ಆಗದಿದ್ದರೆ ಒಂದು ಬೆಳಗಿನ ನೀರು ತಪ್ಪುತ್ತದೆ, ಅಷ್ಟೇ. ಆಫ್ ಆಗದಿದ್ದರೆ ಬೇಸಿಗೆಯಲ್ಲಿ ಬಾವಿ ತಳ ಕಂಡು ಮೋಟಾರ್ ಒಣಗಿ ಓಡಿ ಸುಡುತ್ತದೆ, ಮಳೆಗಾಲದಲ್ಲಿ ಉಕ್ಕಿದ ನೀರು ಗಂಟೆಗಟ್ಟಲೆ ಮನೆಯ ಹಿಂದಿನ ಗುಡ್ಡದ ಬರೆಗೆ ಇಳಿಯುತ್ತದೆ. ನೆನೆದು ನಿಂತ ಬರೆಗೆ ಮೇಲಿನಿಂದ ನೀರು ಬಿಟ್ಟರೆ ಅದು ಕುಸಿಯುತ್ತದೆಂದು ನಾಪೋಕ್ಲು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಆಫ್ ಅನ್ನು ಮೊದಲು ಸರಿ ಮಾಡೋಣ, ಆನ್ ಆಮೇಲೆ.

ಆ್ಯಪ್ ತೆರೆದರೆ "6:00 ಆನ್, 6:30 ಆಫ್" ಎಂದು ಒಂದು ಪಟ್ಟಿ ಕಾಣುತ್ತದೆ. ಆ ಪಟ್ಟಿ ನಿಜವಾಗಿ ಎಲ್ಲಿ ಕೂತಿದೆ ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಅದು ಕಂಪನಿಯ ಸರ್ವರ್‌ನಲ್ಲಿ ಇರಬಹುದು, ಇಲ್ಲವೇ ಪ್ಲಗ್‌ನ ಒಳಗಿನ ಚಿಪ್‌ನಲ್ಲೇ ಇರಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಸರ್ವರ್‌ನಲ್ಲಿದ್ದರೆ ನಿಮ್ಮ ಶೆಡ್ಯೂಲ್ ಎಂದರೆ, ದೂರದೂರಿನಲ್ಲಿ ಕೂತ ಯಾರೋ ಒಬ್ಬರು ದಿನಾ ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಗೆ ಫೋನ್ ಮಾಡಿ "ಮೋಟಾರ್ ಹಾಕಿ" ಅಂದಂತೆ. ಲೈನ್ ಸಿಗದಿದ್ದರೆ ಅವರು ಮತ್ತೆ ಮಾಡುವುದಿಲ್ಲ, ಸಿಗಲಿಲ್ಲ ಎಂದು ನಿಮಗೆ ತಿಳಿಸುವುದೂ ಇಲ್ಲ. ಅಲೆಕ್ಸಾ ಅಥವಾ ಗೂಗಲ್ ಹೋಮ್‌ನಲ್ಲಿ ರೊಟೀನ್ ಮಾಡಿ ವೈಫೈ ಪ್ಲಗ್ ಓಡಿಸುತ್ತಿದ್ದರೆ ಆಜ್ಞೆ ಸಾಮಾನ್ಯವಾಗಿ ಇಂಟರ್ನೆಟ್ ದಾಟಿಯೇ ಬರಬೇಕು. ಪ್ಲಗ್‌ನ ಸ್ವಂತ ಆ್ಯಪ್‌ನಲ್ಲಿ ಇಟ್ಟ ಶೆಡ್ಯೂಲ್ ಮಾದರಿಯಿಂದ ಮಾದರಿಗೆ ಬೇರೆ.

ತಪ್ಪಿದ ಆಜ್ಞೆಯನ್ನು ಆಮೇಲಾದರೂ ಏಕೆ ಕಳಿಸುವುದಿಲ್ಲ ಎಂದು ಕೇಳುವವರಿದ್ದಾರೆ. ಇದರಲ್ಲಿ ಒಂದು ನ್ಯಾಯವಿದೆ. ಬೆಳಿಗ್ಗೆ ಆರರ "ಹೀಟರ್ ಆನ್" ಆಜ್ಞೆ, ಇಂಟರ್ನೆಟ್ ಮರಳಿದ ಮಧ್ಯಾಹ್ನ ಎರಡಕ್ಕೆ, ಮನೆಯಲ್ಲಿ ಯಾರೂ ಇಲ್ಲದಾಗ ತಲುಪಿದರೆ ಅದು ಬೆಂಕಿಗೆ ದಾರಿ. ಹಾಗಾಗಿ ಹಳೆಯ ಆಜ್ಞೆಯನ್ನು ಎಸೆಯುವುದೇ ಕ್ಷೇಮ ಎಂದು ಇವನ್ನು ಕಟ್ಟಿದವರು ತೀರ್ಮಾನಿಸಿದ್ದಾರೆ. ಆನ್ ಆಜ್ಞೆಯ ಮಟ್ಟಿಗೆ ನಾನು ಅದನ್ನು ಒಪ್ಪುತ್ತೇನೆ. ಆದರೆ ಆಫ್ ಆಜ್ಞೆಗೂ ಅದೇ ನಿಯಮ ಹಾಕಿರುವುದು, ಎಸೆದದ್ದನ್ನು ಮನೆಯವರಿಗೆ ತಿಳಿಸದಿರುವುದು, ಎರಡೂ ತಪ್ಪು. ಇಷ್ಟು ವರ್ಷವಾದರೂ ಇದನ್ನು ತಿದ್ದದ ಸಾಧನಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತಿವೆ.

ಶೆಡ್ಯೂಲ್ ಪ್ಲಗ್‌ನ ಒಳಗೇ ಇದೆ ಎಂದುಕೊಳ್ಳೋಣ. ಆಗ ಇಂಟರ್ನೆಟ್ ಬೇಡವಲ್ಲ? ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಶೆಡ್ಯೂಲ್ ಗೊತ್ತಿದ್ದರೆ ಸಾಲದು, ಈಗ ಗಂಟೆ ಎಷ್ಟು ಎಂಬುದೂ ಪ್ಲಗ್‌ಗೆ ಗೊತ್ತಿರಬೇಕು. ನಿಮ್ಮ ಕೈಗಡಿಯಾರದಲ್ಲಿರುವಂತೆ ಇವುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟ್ ಬಂದು ಪ್ಲಗ್ ಎಚ್ಚರಾದ ಕೂಡಲೇ ರೂಟರ್ ಮೂಲಕ ಇಂಟರ್ನೆಟ್‌ನ ಸಮಯ ಸರ್ವರ್‌ ಒಂದನ್ನು ಕೇಳಿ ಗಡಿಯಾರ ಹೊಂದಿಸಿಕೊಳ್ಳುತ್ತದೆ. ಆಮೇಲೆ ಕರೆಂಟ್ ಹೋಗದೆ ಬರೀ ಇಂಟರ್ನೆಟ್ ಹೋದರೆ ತೊಂದರೆಯಿಲ್ಲ, ಚಿಪ್ ತಾನೇ ಸಮಯ ಎಣಿಸುತ್ತಾ ಹೋಗುತ್ತದೆ. ಕರೆಂಟ್ ಹೋದರೆ ಮಾತ್ರ ಆ ಎಣಿಕೆ ಅಳಿಸಿ ಹೋಗುತ್ತದೆ. ಮರಳಿ ಬಂದಾಗ ಇಂಟರ್ನೆಟ್ ಇರದಿದ್ದರೆ ಪ್ಲಗ್‌ನ ಹತ್ತಿರ ಶೆಡ್ಯೂಲ್ ಇರುತ್ತದೆ, ಗಂಟೆ ಇರುವುದಿಲ್ಲ. ಅದು ಸುಮ್ಮನೆ ಕೂರುತ್ತದೆ.

ನಮ್ಮ ಮಳೆಗಾಲದಲ್ಲಿ ಇವೆರಡೂ ಒಟ್ಟಿಗೇ ಹೋಗುತ್ತವೆ. ಗಾಳಿಗೆ ಸಿಲ್ವರ್ ಓಕ್ ಒಂದು ಲೈನ್ ಮೇಲೆ ಬಿದ್ದರೆ ಕರೆಂಟ್ ತಂತಿಯ ಜೊತೆಗೆ ಅದೇ ಕಂಬದಲ್ಲಿ ಎಳೆದ ಫೈಬರ್ ಕೇಬಲ್ಲೂ ಹರಿಯುತ್ತದೆ. ಲೈನ್‌ಮನ್ ಬಂದು ಕರೆಂಟ್ ಕೊಡುತ್ತಾರೆ, ಫೈಬರ್ ಜೋಡಿಸುವವರು ಮರುದಿನ ಬರುತ್ತಾರೆ. ಆ ನಡುವಿನ ಹೊತ್ತು ಪೂರ್ತಿ ನಿಮ್ಮ ಪ್ಲಗ್ ಗಂಟೆ ಗೊತ್ತಿಲ್ಲದೆ ಕಾಯುತ್ತಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕರೆಂಟ್ ಗಂಟೆಗಟ್ಟಲೆ ಹೋಗಬೇಕೆಂದಿಲ್ಲ, ಒಂದೆರಡು ಸೆಕೆಂಡ್ ಮಿಣುಕಿ ಬಂದರೂ ಸಾಕು, ಗಡಿಯಾರ ಅಳಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರಂತೂ ಅಂಥ ಮಿಣುಕು ಯಾರ ಗಮನಕ್ಕೂ ಬರುವುದಿಲ್ಲ. ಬೇಸಿಗೆಯಲ್ಲಿ ಸರಿಯಾಗಿದ್ದದ್ದು ಮಳೆಗೆ ಕೆಟ್ಟಂತೆ ನಿಮಗೆ ಕಂಡದ್ದು ಹೀಗೆ.

ಈಗ ಅಪ್ಪ ಬರುವವರೆಗೂ ಮೋಟಾರ್ ಓಡಿದ ಆ ದಿನಕ್ಕೆ ಬರೋಣ. ಅದಕ್ಕೆ ಎರಡು ದಾರಿಗಳಿವೆ, ನಿಮ್ಮಲ್ಲಿ ಯಾವುದು ನಡೆದಿದೆ ಎಂದು ಪತ್ತೆ ಮಾಡಬಹುದು.

ಮೊದಲ ದಾರಿ ಸರಳ. ಶೆಡ್ಯೂಲ್ ಸರ್ವರ್‌ನಲ್ಲಿದೆ. 6ಕ್ಕೆ ಇಂಟರ್ನೆಟ್ ಇತ್ತು, ಆನ್ ಆಜ್ಞೆ ತಲುಪಿತು. 6.10ಕ್ಕೆ ಎಲ್ಲೋ ಫೈಬರ್ ಹೋಯಿತು, ಇಲ್ಲವೇ ಮಳೆ ಜೋರಾಗಿ ಪಂಪ್‌ಹೌಸಿಗೆ ವೈಫೈ ಸಿಗದೆ ಹೋಯಿತು. 6.30ರ ಆಫ್ ಆಜ್ಞೆ ಬಿದ್ದುಹೋಯಿತು. ಮುಂದಿನ ಆಫ್ ಇರುವುದು ಮರುದಿನ 6.30ಕ್ಕೆ.

ಎರಡನೆಯ ದಾರಿ ಹೆಚ್ಚು ಕೆಟ್ಟದ್ದು, ಏಕೆಂದರೆ ವೈಫೈ ಚೆನ್ನಾಗಿದ್ದರೂ, ಶೆಡ್ಯೂಲ್ ಪ್ಲಗ್‌ನೊಳಗೇ ಇದ್ದರೂ ಇದು ಆಗುತ್ತದೆ. 6ಕ್ಕೆ ಮೋಟಾರ್ ಆನ್ ಆಯಿತು. 6.15ಕ್ಕೆ ಕರೆಂಟ್ ಹೋಯಿತು. 6.50ಕ್ಕೆ ಬಂತು. ಕರೆಂಟ್ ಮರಳಿದಾಗ ಏನು ಮಾಡಬೇಕೆಂದು ಪ್ಲಗ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಆನ್ ಆಗಿರು, ಆಫ್ ಆಗಿರು, ಹಿಂದೆ ಹೇಗಿದ್ದೆಯೋ ಹಾಗಿರು ಎಂಬ ಮೂರು ಆಯ್ಕೆಗಳು. ಕಾರ್ಖಾನೆಯಿಂದ ಬರುವಾಗ ಹಲವದರಲ್ಲಿ ಮೂರನೆಯದು ಇರುತ್ತದೆ. ನಿಮ್ಮದೂ ಹಾಗಿದ್ದರೆ, ಕರೆಂಟ್ ಹೋಗುವಾಗ ಮೋಟಾರ್ ಓಡುತ್ತಿತ್ತು ಎಂದು ನೆನಪಿಟ್ಟುಕೊಂಡು 6.50ಕ್ಕೆ ಮತ್ತೆ ಓಡಿಸುತ್ತದೆ. ಆದರೆ 6.30 ಕತ್ತಲಲ್ಲೇ ಕಳೆದುಹೋಗಿದೆ. ಗಡಿಯಾರ ಸರಿಯಾಗಿ ಹೊಂದಿಕೊಂಡರೂ ಪ್ಲಗ್ ಕೇಳಿಕೊಳ್ಳುವುದು "ಈಗ 6.30 ಆಯಿತೇ?" ಎಂದು ಮಾತ್ರ. "ಈ ಹೊತ್ತಿನಲ್ಲಿ ನಾನು ಆಫ್ ಆಗಿರಬೇಕಿತ್ತೇ?" ಎಂದು ಅದು ಕೇಳಿಕೊಳ್ಳುವುದಿಲ್ಲ. ಹಾಗಾಗಿ ಮೋಟಾರ್ ಮರುದಿನದವರೆಗೆ ಓಡಲು ಸಿದ್ಧ.

ಯಾವುದು ನಡೆಯಿತೆಂದು ತಿಳಿಯಲು ಅಪ್ಪನನ್ನು ಒಂದೇ ಪ್ರಶ್ನೆ ಕೇಳಿ: ಆ ದಿನ ಆರರಿಂದ ಆರೂವರೆಯೊಳಗೆ ಕರೆಂಟ್ ಹೋಗಿತ್ತೇ? ಹೋಗಿತ್ತು ಎಂದರೆ ಎರಡನೆಯದೇ ಎಂದು ಧೈರ್ಯವಾಗಿ ಹೇಳಬಹುದು. ಮುಂದೆ ಇಂಥದ್ದು ಆದರೆ, ಮೋಟಾರ್ ಓಡುತ್ತಿರುವಾಗಲೇ ಮೈಸೂರಿನಿಂದ ಆ್ಯಪ್ ನೋಡಿ. ಪ್ಲಗ್ ಆಫ್‌ಲೈನ್ ಎಂದು ತೋರಿಸಿದರೆ ಬಹುಶಃ ಮೊದಲ ದಾರಿ. ಆನ್‌ಲೈನ್ ಇದ್ದು, ಆನ್ ಸ್ಥಿತಿಯಲ್ಲಿದ್ದರೆ ಬಹುಶಃ ಎರಡನೆಯದು. ಒಂದು ಎಚ್ಚರ: ಸಂಪರ್ಕ ಕಡಿದ ಕೂಡಲೇ ಆ್ಯಪ್ ಆಫ್‌ಲೈನ್ ಎನ್ನುವುದಿಲ್ಲ. ಪ್ಲಗ್‌ನಿಂದ ಸದ್ದು ಬಾರದೆ ಒಂದೆರಡು ನಿಮಿಷ ಕಾದ ಮೇಲೇ ಸರ್ವರ್‌ಗೆ ಅದು ತಿಳಿಯುವುದು. ಆದ್ದರಿಂದ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಮುಂದಿನ ಸಲ ಊರಿಗೆ ಹೋದಾಗ ಪ್ಲಗ್ ಅನ್ನು ಮೋಟಾರಿನಿಂದ ಬಿಚ್ಚಿ ಮನೆಯೊಳಗೆ ತಂದು, ಒಂದು ಟೇಬಲ್ ಲ್ಯಾಂಪ್ ಹಾಕಿ ಪರೀಕ್ಷೆ ಮಾಡಿ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನಂಬುವುದಕ್ಕಿಂತ ಇದು ಒಳ್ಳೆಯದು. ಪ್ಲಗ್‌ನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಆದಾಗ ಈ ನಡವಳಿಕೆ ಬದಲಾಗುವುದೂ ಉಂಟು.

ಮೊದಲು, ಲ್ಯಾಂಪ್ ಉರಿಯುತ್ತಿರುವಾಗ ಪ್ಲಗ್ ಅನ್ನು ಗೋಡೆಯಿಂದ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ಲ್ಯಾಂಪ್ ತಾನೇ ಹತ್ತಿಕೊಂಡರೆ ಮೇಲೆ ಹೇಳಿದ ಎರಡನೆಯ ದಾರಿ ನಿಮ್ಮ ಮನೆಯಲ್ಲಿ ತೆರೆದೇ ಇದೆ.

ಆಮೇಲೆ ಹತ್ತು ನಿಮಿಷ ಮುಂದಕ್ಕೆ ಆನ್, ಹದಿನೈದು ನಿಮಿಷ ಮುಂದಕ್ಕೆ ಆಫ್ ಎಂದು ಶೆಡ್ಯೂಲ್ ಇಡಿ. ಎರಡು ನಿಮಿಷ ಬಿಟ್ಟು ರೂಟರ್‌ಗೆ ಬರುವ ಫೈಬರ್ ತಂತಿಯನ್ನು ಮಾತ್ರ ತೆಗೆಯಿರಿ. ಅದನ್ನು ಬಗ್ಗಿಸದೆ ಮೆಲ್ಲಗೆ ತೆಗೆಯಿರಿ, ತುದಿಯನ್ನು ಮುಟ್ಟಬೇಡಿ. ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಲ್ಯಾಂಪ್ ಹೊತ್ತಿಗೆ ಸರಿಯಾಗಿ ಹತ್ತಿ ಆರಿದರೆ ಶೆಡ್ಯೂಲ್ ಪ್ಲಗ್‌ನೊಳಗಿದೆ, ಇಲ್ಲವಾದರೆ ಸರ್ವರ್‌ನಲ್ಲಿದೆ.

ಪ್ಲಗ್‌ನೊಳಗಿದೆ ಎಂದು ಗೊತ್ತಾದರೆ ಮಾತ್ರ ಮುಂದಿನ ಪರೀಕ್ಷೆಗೆ ಅರ್ಥ. ನಲವತ್ತು ನಿಮಿಷ ಮುಂದಕ್ಕೆ ಶೆಡ್ಯೂಲ್ ಇಟ್ಟು ರೂಟರ್ ಅನ್ನೇ ಆರಿಸಿ. ಇಷ್ಟು ದೀರ್ಘ ಕಾಯಲು ಕಾರಣವಿದೆ. ಕೆಲವು ಫರ್ಮ್‌ವೇರ್‌ಗಳು ವೈಫೈ ಸಿಗದೆ ಸ್ವಲ್ಪ ಹೊತ್ತಾದರೆ, ಸರಿಹೋಗಬಹುದೆಂದು ತಾವೇ ರೀಸ್ಟಾರ್ಟ್ ಆಗುತ್ತವೆ, ಆ ರೀಸ್ಟಾರ್ಟ್‌ನಲ್ಲಿ ಗಡಿಯಾರ ಕಳೆದುಕೊಳ್ಳಬಹುದು. ಹತ್ತು ನಿಮಿಷದ ಪರೀಕ್ಷೆಯಲ್ಲಿ ಪಾಸಾದ ಪ್ಲಗ್ ನಲವತ್ತು ನಿಮಿಷದ್ದರಲ್ಲಿ ಫೇಲಾಗುವುದು ಇದರಿಂದ. ಕೊನೆಯದಾಗಿ ರೂಟರ್ ಆರಿಸಿಟ್ಟೇ ಪ್ಲಗ್ ಅನ್ನು ಒಮ್ಮೆ ಕಿತ್ತು ಹಾಕಿ ಶೆಡ್ಯೂಲ್ ನಡೆಯುತ್ತದೆಯೇ ನೋಡಿ. ಬ್ಯಾಟರಿ ಗಡಿಯಾರವಿಲ್ಲದ ಪ್ಲಗ್ ಇದರಲ್ಲಿ ಪಾಸಾಗಲು ಸಾಧ್ಯವಿಲ್ಲ. ನಿಮ್ಮೂರಿನ ಜುಲೈ ತಿಂಗಳ ನಿಜವಾದ ಪರಿಸ್ಥಿತಿ ಇದೇ.

ಫಲಿತಾಂಶ ಏನೇ ಬರಲಿ, ಎರಡು ಬದಲಾವಣೆಗಳನ್ನು ಅಂದೇ ಮಾಡಿ. ಕರೆಂಟ್ ಮರಳಿದಾಗಿನ ಸೆಟ್ಟಿಂಗ್ ಅನ್ನು "ಆಫ್" ಮಾಡಿ. ಆ್ಯಪ್‌ನಲ್ಲಿ ಇದು ಸಾಮಾನ್ಯವಾಗಿ Power-on State ಅಥವಾ Relay Status ಎಂಬ ಹೆಸರಿನಲ್ಲಿ ಪ್ಲಗ್‌ನ ಸೆಟ್ಟಿಂಗ್ಸ್ ಒಳಗಿರುತ್ತದೆ. ಇಷ್ಟಕ್ಕೇ ಎರಡನೆಯ ದಾರಿ ಮುಚ್ಚಿತು.

ಎರಡನೆಯ ಬದಲಾವಣೆ ಈ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆಫ್ ಅನ್ನು ಗಂಟೆಗೆ ಕಟ್ಟಬೇಡಿ, ಆನ್‌ಗೆ ಕಟ್ಟಿ. "6.30ಕ್ಕೆ ಆಫ್ ಆಗು" ಎನ್ನುವ ಬದಲು "ಯಾವಾಗ ಆನ್ ಆದರೂ, ಯಾರು ಆನ್ ಮಾಡಿದರೂ, ಮೂವತ್ತು ನಿಮಿಷದ ನಂತರ ಆಫ್ ಆಗು" ಎಂದು ಪ್ಲಗ್‌ಗೆ ಹೇಳಿ. ಮೂವತ್ತು ನಿಮಿಷ ಎಣಿಸಲು ಗಂಟೆ ಎಷ್ಟೆಂದು ಗೊತ್ತಿರಬೇಕಾಗಿಲ್ಲ, ಇಂಟರ್ನೆಟ್ ಬೇಡ, ವೈಫೈ ಬೇಡ. ಚಿಪ್ ತನ್ನೊಳಗೇ ಎಣಿಸುತ್ತದೆ. ನಡುವೆ ಕರೆಂಟ್ ಹೋದರೆ ಎಣಿಕೆಯೂ ಹೋಗುತ್ತದೆ, ನಿಜ. ಆದರೆ ಮೊದಲ ಬದಲಾವಣೆಯಿಂದಾಗಿ ಮೋಟಾರ್ ಆಫ್ ಆಗಿಯೇ ಏಳುತ್ತದೆ. ಈ ಎರಡು ಒಟ್ಟಿಗಿದ್ದರೆ ಆಗಬಹುದಾದ ಅತಿ ಕೆಟ್ಟದ್ದು ಟ್ಯಾಂಕ್ ಅರ್ಧ ತುಂಬುವುದು.

ಈ ಸೌಲಭ್ಯವನ್ನು ಟುಯಾ ಮತ್ತು ಇವೀಲಿಂಕ್ ಆ್ಯಪ್‌ಗಳ ಹಲವು ಸಾಧನಗಳಲ್ಲಿ Inching ಎನ್ನುತ್ತಾರೆ, ಶೆಲ್ಲಿ ಕಂಪನಿಯ ಸಾಧನಗಳಲ್ಲಿ Auto Off. ಇದನ್ನು Countdown ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಕೌಂಟ್‌ಡೌನ್ ನೀವು ಪ್ರತಿಸಲ ಕೈಯಾರೆ ಶುರು ಮಾಡಬೇಕಾದದ್ದು, ಇದು ಪ್ರತಿ ಆನ್‌ಗೂ ತಾನೇ ಶುರುವಾಗುವುದು. ಇಟ್ಟ ಮೇಲೆ ರೂಟರ್ ಆರಿಸಿ, ಪ್ಲಗ್‌ನ ಮೇಲಿನ ಗುಂಡಿ ಒತ್ತಿ ಲ್ಯಾಂಪ್ ಹಚ್ಚಿ ನೋಡಿ. ಹೊತ್ತಿಗೆ ಸರಿಯಾಗಿ ಆರಿದರೆ ಅದು ಪ್ಲಗ್‌ನೊಳಗೇ ನಡೆಯುತ್ತಿದೆ ಎಂಬುದು ಖಾತ್ರಿ.

ಟಾಸ್ಮೋಟ ಎಂಬ ಬದಲಿ ಫರ್ಮ್‌ವೇರ್ ಹಾಕಿದ ಪ್ಲಗ್ ಇದ್ದವರಿಗೆ ಇದೇ ಕೆಲಸ ಕನ್ಸೋಲ್‌ನಲ್ಲಿ ನಾಲ್ಕೈದು ಸಾಲು:

```
Timezone +5:30
PowerOnState 0
PulseTime1 1900
Timer1 {"Enable":1,"Time":"06:00","Days":"1111111","Repeat":1,"Output":1,"Action":1}
Timers 1
```

ಇಲ್ಲಿ 1900 ಎಂದರೆ 1800 ಸೆಕೆಂಡ್, ಅಂದರೆ ಮೂವತ್ತು ನಿಮಿಷ. 112ರಿಂದ ಮೇಲಿನ ಸಂಖ್ಯೆಗಳಲ್ಲಿ 100 ಕಳೆದರೆ ಸೆಕೆಂಡ್ ಸಿಗುತ್ತದೆ ಎಂಬುದು ಅದರ ಲೆಕ್ಕ. ಆಫ್‌ಗೆ ಬೇರೆ ಟೈಮರ್ ಇಟ್ಟಿಲ್ಲ ಎಂಬುದನ್ನು ಗಮನಿಸಿ. ಟಾಸ್ಮೋಟವೂ ಗಂಟೆಯನ್ನು ಇಂಟರ್ನೆಟ್‌ನಿಂದಲೇ ತಿಳಿಯಬೇಕು, ಆದ್ದರಿಂದ ಆನ್ ತಪ್ಪುವ ಸಾಧ್ಯತೆ ಇಲ್ಲೂ ಇದೆ. ಆಫ್ ಮಾತ್ರ ತಪ್ಪದು. ಇದಕ್ಕಾಗಿ ಸಾಧಾರಣ ಪ್ಲಗ್ ಬಿಚ್ಚಿ ಸ್ವತಃ ಫರ್ಮ್‌ವೇರ್ ಹಾಕಲು ಹೋಗಬೇಡಿ. ಅದರೊಳಗಿನ ಭಾಗಗಳು 230 ವೋಲ್ಟ್‌ಗೆ ನೇರವಾಗಿ ತಗಲಿಕೊಂಡಿರುತ್ತವೆ.

ನಿಮ್ಮ ಪ್ಲಗ್‌ನಲ್ಲಿ ಈ ಸೌಲಭ್ಯ ಇಲ್ಲದೇ ಇದ್ದರೆ, ಆಗ ಬೇರೆಯದು ಕೊಳ್ಳಲು ಕಾರಣವಿದೆ. ಅಲ್ಲಿಯವರೆಗೆ ಖರ್ಚಿಲ್ಲದ ಒಂದು ತಾತ್ಕಾಲಿಕ ಉಪಾಯ: ಒಂದೇ ಆಫ್ ಬದಲು 6.30, 6.40, 7, 8, 10 ಎಂದು ಹಲವು ಆಫ್‌ಗಳನ್ನು ಇಡಿ. ಸರ್ವರ್ ತಾನಾಗಿ ಮರುಪ್ರಯತ್ನ ಮಾಡುವುದಿಲ್ಲವಾದ್ದರಿಂದ ಅದರ ಪರವಾಗಿ ನೀವೇ ಮಾಡಿಸಿದಂತಾಯಿತು. ಆಫ್ ಆಗಿರುವುದಕ್ಕೆ ಮತ್ತೆ ಆಫ್ ಹೇಳಿದರೆ ನಷ್ಟವೇನಿಲ್ಲ. ಇಂಟರ್ನೆಟ್ ಇಡೀ ದಿನ ಹೋದರೆ ಇದೂ ಕೆಲಸಕ್ಕೆ ಬಾರದು, ಹಾಗಾಗಿ ಇದನ್ನೇ ನಂಬಿ ಕೂರಬೇಡಿ.

ಇದೇ ಉಪಾಯವನ್ನು ಆನ್‌ಗೆ ಮಾಡಲು ಹೋದರೆ ತೊಂದರೆ. 6ಕ್ಕೆ ಒಂದು, 7.30ಕ್ಕೆ ಒಂದು ಆನ್ ಇಟ್ಟರೆ, ಎರಡೂ ತಲುಪಿದ ದಿನ ಟ್ಯಾಂಕ್ ಎರಡು ಸಲ ತುಂಬಿ ಉಕ್ಕುತ್ತದೆ. ಟ್ಯಾಂಕಿನಲ್ಲಿ ಫ್ಲೋಟ್ ಸ್ವಿಚ್ ಇದ್ದರೆ ಮಾತ್ರ ಇದು ಸರಿ. ತುಂಬಿದ ಟ್ಯಾಂಕಿಗೆ ಎಷ್ಟು ಆನ್ ಬಂದರೂ ಮೋಟಾರ್ ಓಡದು. ಅಮ್ಮ ಅಪ್ಪ ಇಬ್ಬರೇ ಇರುವ ಮನೆಗೆ ಪ್ಲಗ್‌ಗಿಂತ ಮೊದಲು ಬರಬೇಕಾದದ್ದು ಆ ಫ್ಲೋಟ್ ಸ್ವಿಚ್. ಅದಕ್ಕೆ ಗಂಟೆಯೂ ಬೇಡ, ವೈಫೈಯೂ ಬೇಡ.

ಇನ್ನು ಆನ್ ತಪ್ಪುವುದನ್ನು ಕಡಿಮೆ ಮಾಡುವ ವಿಷಯ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಫೈಬರ್ ಪೆಟ್ಟಿಗೆ ಮತ್ತು ರೂಟರ್ ಎರಡನ್ನೂ ಅದರ ಲೈನಿಗೆ ಹಾಕಿ. ಎರಡು ಬೇರೆ ಪೆಟ್ಟಿಗೆಗಳಿದ್ದಾಗ ರೂಟರನ್ನು ಮಾತ್ರ ಹಾಕಿ ಫೈಬರ್ ಪೆಟ್ಟಿಗೆಯನ್ನು ಮರೆಯುವವರು ಬಹಳ. ಇನ್ವರ್ಟರ್ ಇಲ್ಲದಿದ್ದರೆ 12 ವೋಲ್ಟ್‌ನ ಪುಟ್ಟ ರೂಟರ್ ಯುಪಿಎಸ್ ಸಿಗುತ್ತದೆ. 10,000 ಎಂಎಎಚ್ ಎಂದು ಬರೆದಿದ್ದರೆ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್‌ಅವರ್. ಎರಡೂ ಪೆಟ್ಟಿಗೆ ಸೇರಿ 10 ವ್ಯಾಟ್ ಎಳೆದರೆ, ನಷ್ಟ ಕಳೆದು ಮೂರು ಗಂಟೆ ಎಂದುಕೊಳ್ಳಿ. ಇದರ ಲಾಭ ಏನೆಂದರೆ, ಕರೆಂಟ್ ಮರಳಿದಾಗ ರೂಟರ್ ಆಗಲೇ ಎಚ್ಚರವಾಗಿರುತ್ತದೆ, ಪ್ಲಗ್ ಒಂದು ನಿಮಿಷದೊಳಗೆ ಗಂಟೆ ತಿಳಿದುಕೊಳ್ಳುತ್ತದೆ. ಇಲ್ಲದಿದ್ದರೆ ರೂಟರ್ ಎದ್ದು, ಫೈಬರ್ ಹಿಡಿದು, ಆಮೇಲೆ ಪ್ಲಗ್ ಅದನ್ನು ಹುಡುಕುವಷ್ಟರಲ್ಲಿ ಆರು ಗಂಟೆ ದಾಟಿರಬಹುದು. ಆದರೆ ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದು, ರಸ್ತೆಬದಿಯಲ್ಲಿರುವ ಇಂಟರ್ನೆಟ್‌ನವರ ಪೆಟ್ಟಿಗೆಯಲ್ಲಿ ಬ್ಯಾಟರಿ ಖಾಲಿಯಾದರೆ ಈ ಖರ್ಚು ಕೆಲಸಕ್ಕೆ ಬಾರದು. ಎರಡು ದಿನ ಕರೆಂಟ್ ಇಲ್ಲದ ಊರಲ್ಲಿ ಅದು ಆಗಿಯೇ ಆಗುತ್ತದೆ.

ಪಂಪ್‌ಹೌಸ್ ಮನೆಯಿಂದ ಕೆಳಗೆ, ಕಾಫಿ ಗಿಡಗಳ ನಡುವೆ ಇದ್ದರೆ ಸಿಗ್ನಲ್ಲನ್ನೂ ನೋಡಿ. ಪ್ಲಗ್‌ಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ನೆನೆದ ಎಲೆಗಳು ಚೆನ್ನಾಗಿಯೇ ಹೀರುತ್ತವೆ. ಆ್ಯಪ್‌ನ ಡಿವೈಸ್ ಮಾಹಿತಿಯಲ್ಲಿ ಸಿಗ್ನಲ್ ಅಂಕಿ ಇದ್ದರೆ ಮಳೆ ಸುರಿಯುವಾಗ ನೋಡಿ: ಮೈನಸ್ 65ರ ಆಸುಪಾಸು ನೆಮ್ಮದಿ, ಮೈನಸ್ 80 ಎಂದರೆ ಸಂಪರ್ಕ ಬಂದು ಹೋಗಿ ಮಾಡುತ್ತಿರುತ್ತದೆ. ರೂಟರ್‌ನಲ್ಲಿ ಚಾನೆಲ್ "ಆಟೋ" ಇದ್ದರೆ 1, 6, 11ರಲ್ಲಿ ಒಂದಕ್ಕೆ ಗಟ್ಟಿ ಮಾಡಿ. ಕರೆಂಟ್ ಹೋಗಿ ಬಂದಾಗ ರೂಟರ್ 12 ಅಥವಾ 13ನೆಯ ಚಾನೆಲ್ ಹಿಡಿದರೆ ಕೆಲವು ಪ್ಲಗ್‌ಗಳಿಗೆ ಅದು ಕಾಣುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೋಟಾರಿನ ಗಂಟೆಯನ್ನು ವೈಫೈ ಪ್ಲಗ್‌ಗೆ ಒಪ್ಪಿಸುತ್ತಿರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಎಂಸಿಬಿ ಪೆಟ್ಟಿಗೆಯಲ್ಲೇ ಕೂರುವ, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮ್ ಸ್ವಿಚ್ ಸಿಗುತ್ತದೆ. ಕರೆಂಟ್ ಹೋದರೂ ಅದರ ಗಡಿಯಾರ ನಡೆಯುತ್ತಿರುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸ, ಸಾಮಾನ್ಯವಾಗಿ ಅದು ಕರೆಂಟ್ ಮರಳಿದಾಗ "ಈ ಹೊತ್ತಿಗೆ ನಾನು ಆನ್ ಇರಬೇಕೋ ಆಫ್ ಇರಬೇಕೋ" ಎಂದು ತನ್ನ ಪಟ್ಟಿ ನೋಡಿ ಹಾಗೇ ನಿಲ್ಲುತ್ತದೆ. 6.15ಕ್ಕೆ ಹೋಗಿ 6.50ಕ್ಕೆ ಬಂದ ಕರೆಂಟ್ ಅದನ್ನು ದಾರಿ ತಪ್ಪಿಸದು. ಕೊಳ್ಳುವಾಗ ಬ್ಯಾಟರಿ ಎಷ್ಟು ಕಾಲ ಗಡಿಯಾರ ಕಾಯುತ್ತದೆ ಎಂದು ಕೇಳಿ. ಹಲ್ಲುಗಳನ್ನು ಒತ್ತಿ ಹೊತ್ತು ಹೊಂದಿಸುವ ತಿರುಗುಚಕ್ರದ ಅಗ್ಗದ ಟೈಮರ್ ಬೇಡ. ಕರೆಂಟ್ ಹೋದಷ್ಟು ಹೊತ್ತು ಅದರ ಚಕ್ರವೂ ನಿಲ್ಲುತ್ತದೆ, ವಾರದಲ್ಲಿ ಅದರ ಆರು ಗಂಟೆ ನಿಮಗೆ ಹತ್ತು ಗಂಟೆಯಾಗುತ್ತದೆ.

ಟೈಮ್ ಸ್ವಿಚ್ ಮೋಟಾರನ್ನು ನೇರವಾಗಿ ಓಡಿಸಬಾರದು, ನಡುವೆ ಭಾರಿ ಕರೆಂಟ್ ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಇರಲಿ. ಪ್ಲಗ್‌ಗೂ ಇದೇ ಮಾತು. 16 ಆ್ಯಂಪ್ ಎಂದು ಬರೆದಿರುವುದು ಸಾಮಾನ್ಯವಾಗಿ ಗೀಸರ್‌ನಂಥ ಲೋಡಿಗೆ. ಅರ್ಧ ಎಚ್‌ಪಿ ಮೋಟಾರ್ ಓಡುವಾಗ ಮೂರ್ನಾಲ್ಕು ಆ್ಯಂಪ್ ಎಳೆದರೂ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಹೀಗೆ ದಿನಾ ಹೊಡೆತ ತಿಂದ, ಪ್ಲಗ್‌ನೊಳಗಿನ ಸ್ವಿಚ್ಚಾದ ರಿಲೇಯ ಸಂಪರ್ಕ ಒಂದು ದಿನ ಬೆಸೆದುಕೊಳ್ಳಬಹುದು. ಆಗ ಆ್ಯಪ್ ಆಫ್ ಎಂದು ತೋರಿಸುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ಇದು ಶೆಡ್ಯೂಲ್‌ನ ದೋಷವಲ್ಲ, ಆದರೆ ಮನೆಯವರಿಗೆ ಅದೇ ದೋಷದಂತೆ ಕಾಣುತ್ತದೆ. ಮಳೆಗಾಲದಲ್ಲಿ ಗೋಡೆ ಬೆವರುವ ಪಂಪ್‌ಹೌಸಿನಲ್ಲಿ ಈ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ, ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಹಾಕಿಸಿ ಮಾಡಿಸಿ.

ಸ್ಮಾರ್ಟ್ ಪ್ಲಗ್ ಅನ್ನು ಎಸೆಯಬೇಕಾಗಿಲ್ಲ. ಮೋಟಾರ್ ಆನ್ ಆಯಿತೇ ಎಂದು ಮೈಸೂರಿನಿಂದ ನೋಡಲು ಅದು ಒಳ್ಳೆಯ ಕಣ್ಣು. ವಿದ್ಯುತ್ ಬಳಕೆ ಅಳೆಯುವ ಪ್ಲಗ್ ಆದರೆ ಇನ್ನೂ ಒಳ್ಳೆಯದು. ಅದನ್ನು ಸದಾ ಆನ್ ಇಟ್ಟು, ಕರೆಂಟ್ ಮರಳಿದಾಗಲೂ ಆನ್ ಆಗುವಂತೆ ಸೆಟ್ಟಿಂಗ್ ಬದಲಿಸಿ, ನೀವು ಇಟ್ಟಿರುವ ಇಂಚಿಂಗ್ ಮತ್ತು ಆಫ್‌ಗಳನ್ನೆಲ್ಲ ತೆಗೆದು, ಬಳಕೆಯನ್ನಷ್ಟೇ ಅಳೆಯಲು ಬಿಡಿ. ಹಾಗೆ ಮಾಡುವುದು ಟೈಮ್ ಸ್ವಿಚ್, ಕಾಂಟ್ಯಾಕ್ಟರ್, ಫ್ಲೋಟ್ ಸ್ವಿಚ್ ಮೂರೂ ಕೂತ ಮೇಲೆ ಮಾತ್ರ. ಪ್ಲಗ್ ಅನ್ನು ಎಲ್ಲಿ ಜೋಡಿಸಬೇಕೆಂದು ಎಲೆಕ್ಟ್ರಿಷಿಯನ್ನರೇ ನೋಡಿಕೊಳ್ಳಲಿ. ಮೋಟಾರ್ ಶುರುವಾಗುವ ಕ್ಷಣದ ಹೊಡೆತ ಅವರು ಹಾಕುವ ಕಾಂಟ್ಯಾಕ್ಟರಿನ ಮೇಲೆ ಬೀಳಬೇಕು, ಪ್ಲಗ್‌ನ ರಿಲೇಯ ಮೇಲಲ್ಲ.

ಬಳಕೆ 300 ವ್ಯಾಟ್ ದಾಟಿದಾಗ ನಿಮ್ಮ ಫೋನಿಗೆ ಸಂದೇಶ ಬರುವಂತೆ ಮಾಡಿ. ತಪ್ಪಿದಾಗ ಎಚ್ಚರಿಸು ಎಂದು ಇಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಸಂಪರ್ಕ ಹೋದ ದಿನ ಎಚ್ಚರಿಸಬೇಕಾದ ದಾರಿಯೇ ಹೋಗಿರುತ್ತದೆ. ಸರಿಯಾಗಿ ನಡೆದಾಗ ತಿಳಿಸು ಎಂದು ಇಡಿ. ಬೆಳಿಗ್ಗೆ 6.05ರೊಳಗೆ ಸಂದೇಶ ಬಂದರೆ ಆಯಿತು. ಬರದಿದ್ದರೆ ಅಮ್ಮನಿಗೆ ಫೋನ್ ಮಾಡಿ ಟ್ಯಾಂಕ್ ನೋಡಲು ಹೇಳಿ. ಆ ದಿನಕ್ಕಾಗಿ, ಟೈಮ್ ಸ್ವಿಚ್ ದಾಟಿ ಮೋಟಾರ್ ಹಾಕುವ ಒಂದು ಕೈ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರಿಂದ ಅಡುಗೆಮನೆಯ ಗೋಡೆಗೇ ತರಿಸಿಬಿಡಿ. ಮಳೆಯಲ್ಲಿ ಅವರು ಪಂಪ್‌ಹೌಸಿಗೆ ಇಳಿಯಬೇಕಾದ ಅಗತ್ಯ ಬರಬಾರದು. ಆ ಸ್ವಿಚ್ಚಿನ ತಂತಿಯೂ ಫ್ಲೋಟ್ ಸ್ವಿಚ್ ಮೂಲಕವೇ ಹಾದುಹೋಗಲಿ.